ತೊಡಿಸಿದ ಬಳೆ, ತೊಟ್ಟ ಬಳೆ

ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಓಲೆ ಹಾಕಿಕೊಳ್ಳುತ್ತೇವೆ. ಬಳೆಯನ್ನು ಮಾತ್ರ ನಮ್ಮ ಊರಿನ ಹೆಂಗಸರು ಇಂದಿಗೂ ‘ತೊಡಿಸಿಕೊಳ್ಳುತ್ತಾರೆ’. ಆ ಕ್ರಿಯಾಪದದಲ್ಲಿ ಇನ್ನೊಬ್ಬರ ಕೈ ಅಡಗಿದೆ. ಗಾಜಿನ ಬಿಗಿ ಬಳೆಯನ್ನು ತನ್ನ ಕೈಗೆ ತಾನೇ ಏರಿಸಿಕೊಳ್ಳುವುದು ಕಷ್ಟ. ಒಂದು ಕೈ ಸಡಿಲವಾಗಿ ಬಿದ್ದಿರಬೇಕು, ಅದರ ಗೆಣ್ಣುಗಳನ್ನು ಬೇರೆ ಯಾರಾದರೂ ಒತ್ತಿ ಮಡಿಸಬೇಕು. ಹಾಗೆ ಏರಿದ ಬಳೆ ಒಡೆಯುವ ತನಕ ಕೈಯಲ್ಲೇ ಇರುತ್ತಿತ್ತು. ಕೈತುಂಬ ಜೋಡಿಸಿದ ಬಳೆಗಳು ಏನು ಹೇಳುತ್ತವೆ ಎಂದು ಕೇಳುವವರು ಸಾಮಾನ್ಯವಾಗಿ ಬಣ್ಣದಿಂದ ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ ಎಂದು ನನಗನ್ನಿಸುತ್ತದೆ: ಇವುಗಳಲ್ಲಿ ರಾತ್ರಿ ತೆಗೆದಿಡುವವು ಯಾವುವು, ಕೈಯಲ್ಲೇ ಉಳಿಯುವವು ಯಾವುವು?

ಈ ಪ್ರಶ್ನೆ ನನಗೆ ಹೊಳೆದದ್ದು ಅಕ್ಕನ ಮಗಳ ಮದುವೆಯಲ್ಲಿ. ನಮ್ಮದು ದಾವಣಗೆರೆ ಕಡೆ, ಗಂಡಿನವರು ಕಲಬುರಗಿಯವರು. ಮದುವೆಗೆ ಮೂರು ದಿನ ಮುಂಚೆ ಬಳೆಗಾರ ಮನೆಗೆ ಬಂದ. ಹೆಗಲ ಮೇಲೆ ಮಲಾರ ಹೊತ್ತು ಬರುವ ಕಾಲ ಹೋಗಿದೆ. ಅವನು ಮೊಪೆಡ್ಡಿನ ಹಿಂದೆ ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಜಗುಲಿಯ ಮೇಲೆ ಚಾಪೆ ಹಾಸಿ, ಅರಿಶಿನ ಕುಂಕುಮ ಇಟ್ಟು, ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಅಷ್ಟರಲ್ಲಿ ಮನೆಯೊಳಗೆ ಮೂರು ಬಗೆಯ ಬಳೆಗಳು ಸೇರಿದ್ದವು. ಬಳೆಗಾರನ ಹಸಿರು ಗಾಜಿನ ಬಳೆ, ನಮ್ಮಜ್ಜಿಯ ಕಾಲದ ಎರಡು ಜೊತೆ ಚಿನ್ನದ ಬಳೆ, ಮತ್ತು ಹುಡುಗಿಯ ನಾದಿನಿ ಕಲಬುರಗಿಯಿಂದ ಕಳಿಸಿದ್ದ, ಕನ್ನಡಿ ಚೂರು ಕೂರಿಸಿದ ಅರಗಿನ ಬಳೆಗಳ ಜೋಡು. ಮೂರನ್ನೂ ಒಂದೇ ಕೈಯಲ್ಲಿ ಹೊಂದಿಸಬೇಕಿತ್ತು. ಆ ಮಧ್ಯಾಹ್ನ ನೋಡಿದ್ದು, ಕೇಳಿದ್ದು, ಆಮೇಲೆ ಹುಡುಕಿ ತಿಳಿದದ್ದು ಈ ಲೇಖನದ ಸಾಮಗ್ರಿ.

ಮೊದಲು ಅಳತೆಯ ಮಾತು, ಏಕೆಂದರೆ ಎಡವಟ್ಟು ಶುರುವಾಗುವುದೇ ಅಲ್ಲಿ. ಬಳೆ ಅಂಗಡಿಯಲ್ಲಿ ‘ಎರಡು ನಾಲ್ಕು ಕೊಡಿ’, ‘ಎರಡು ಆರು ಕೊಡಿ’ ಎನ್ನುತ್ತೇವೆ. ಬರೆಯುವಾಗ 2.4, 2.6 ಎಂದು ಬರೆಯುವುದರಿಂದ ಅದನ್ನು ದಶಮಾಂಶ ಅಂದುಕೊಳ್ಳುವವರು ಬಹಳ. ಅದು ದಶಮಾಂಶವಲ್ಲ. ಒಂದು ಅಂಗುಲಕ್ಕೆ 16 ಭಾಗ ಮಾಡಿ ಎಣಿಸುವ ಲೆಕ್ಕ, ಹಿಂದೆ ರೂಪಾಯಿಗೆ 16 ಆಣೆ ಇದ್ದ ಹಾಗೆ. 2.4 ಎಂದರೆ ಎರಡು ಅಂಗುಲದ ಮೇಲೆ ನಾಲ್ಕಾಣೆ, ಅಂದರೆ ಎರಡೂಕಾಲು ಅಂಗುಲ ಒಳವ್ಯಾಸ. 2.8 ಎಂದರೆ ಎರಡೂವರೆ. ಹಾಗಾಗಿಯೇ 2.8ರ ನಂತರ ಬರುವ 2.10 ಅದಕ್ಕಿಂತ ದೊಡ್ಡದು. ಆನ್‌ಲೈನಿನಲ್ಲಿ ತರಿಸುವ ಹುಡುಗಿಯರು 2.10 ಎಂದರೆ 2.1 ಇರಬೇಕು, ಚಿಕ್ಕ ಕೈಯದು ಎಂದು ತಿಳಿದು ಮೋಸ ಹೋಗುವುದುಂಟು.

ಮನೆಯಲ್ಲೇ ಅಳೆಯಲು ಒಂದು ದಾರ ಸಾಕು. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಬಳೆ ಏರಿಸುವಾಗ ಹಿಡಿಯುವಂತೆ ಕೈಯನ್ನು ಕುಗ್ಗಿಸಿ, ಗೆಣ್ಣುಗಳ ಮೇಲೆ ಅತಿ ಅಗಲ ಇರುವಲ್ಲಿ ದಾರ ಸುತ್ತಬೇಕು. ಆ ಸುತ್ತಳತೆ ಸುಮಾರು 17 ಸೆಂಟಿಮೀಟರ್ ಬಂದರೆ 2.2, 18 ಬಂದರೆ 2.4, 19 ಬಂದರೆ 2.6, 20 ಬಂದರೆ 2.8. ಒಂದೊಂದು ಅಳತೆಗೆ ಒಂದೊಂದು ಸೆಂಟಿಮೀಟರ್. ಮಣಿಕಟ್ಟಿನ ದಪ್ಪ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಬಳೆ ದಾಟಬೇಕಾದ ಕಣಿವೆ ಗೆಣ್ಣುಗಳದ್ದು. ನಮ್ಮ ಬಳೆಗಾರನಿಗೆ ದಾರವೂ ಬೇಕಿರಲಿಲ್ಲ. ಹುಡುಗಿಯ ಕೈ ಹಿಡಿದು, ಕಿರುಬೆರಳಿನ ಗೆಣ್ಣನ್ನು ಒಮ್ಮೆ ಒತ್ತಿ ನೋಡಿ, ‘ಎರಡು ನಾಲ್ಕು ಸಾಕವ್ವ, ಕೈ ಮೆತ್ತಗೈತೆ’ ಅಂದ.

ಆಮೇಲೆ ಅವನು ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ಮೂರು ಬಳೆಗಳನ್ನು ಒಟ್ಟಿಗೆ ಹಿಡಿಯಲಿಲ್ಲ, ಒಂದೊಂದಾಗಿಯೇ ಏರಿಸಿದ. ಪ್ರತಿ ಬಳೆಯನ್ನೂ ಉಗುರಿನಿಂದ ತಟ್ಟಿ ಸದ್ದು ಕೇಳಿದ. ಸರಿಯಾದ ಬಳೆ ಟಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕಾಗಿ ಅಲ್ಲೇ ಸಾಯುತ್ತದೆ. ಹಾಗೆ ಮಂಕಾದ ಎರಡನ್ನು ಪಕ್ಕಕ್ಕಿಟ್ಟ. ಬಳೆಯನ್ನು ನೇರವಾಗಿ ತಳ್ಳಲಿಲ್ಲ. ಮೊದಲು ಕಿರುಬೆರಳಿನ ಕಡೆಯ ಗೆಣ್ಣನ್ನು ದಾಟಿಸಿ, ಬಳೆಯನ್ನು ವಾಲಿಸಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಆ ಕಡೆಯನ್ನು ಜಾರಿಸಿದ. ಏರಿದ ಮೇಲೆ ಬಳೆಯನ್ನು ತಿರುಗಿಸಿ ಬೆಸುಗೆಯ ಗುರುತನ್ನು ಕೈಯ ಹೊರಮೈ ಕಡೆಗೆ ತಂದ. ನಾಡಿ ಬಡಿಯುವ ಕಡೆ ಬೆಸುಗೆ ಇರಬಾರದು, ಗೀಚುತ್ತದೆ ಎಂದು ವಿವರಿಸಿದ.

ಆ ಬೆಸುಗೆಯನ್ನು ತಿಳಿಯಬೇಕಾದರೆ ಉತ್ತರ ಪ್ರದೇಶದ ಫಿರೋಜಾಬಾದಿಗೆ ಹೋಗಬೇಕು. ದೇಶದ ಗಾಜಿನ ಬಳೆಗಳ ದೊಡ್ಡ ನೆಲೆ ಅದು. ಮರಳು, ಸೋಡಾ, ಸುಣ್ಣದ ಅಂಶ ಸೇರಿಸಿ ಕುಲುಮೆಯಲ್ಲಿ ಕರಗಿಸಿ, ಬಣ್ಣಕ್ಕೆ ಬೇಕಾದ ಲೋಹದ ಲವಣ ಬೆರೆಸುತ್ತಾರೆ; ನೀಲಿಗೆ ಕೋಬಾಲ್ಟ್, ಹಸಿರಿಗೆ ಕ್ರೋಮಿಯಂ. ಕೆಂಡದಂತಿರುವ ಗಾಜಿನ ಎಳೆಯನ್ನು ತಿರುಗುವ ಉರುಳೆಗೆ ಸುರುಳಿ ಸುರುಳಿಯಾಗಿ ಸುತ್ತುತ್ತಾರೆ. ಆರಿದ ಸುರುಳಿಯನ್ನು ಉದ್ದಕ್ಕೆ ಒಂದು ಗೀರು ಎಳೆದು ಮುರಿದರೆ ಒಂದೊಂದು ಸುತ್ತೂ ಒಂದೊಂದು ಬಾಯಿ ಬಿಟ್ಟ ಬಳೆ. ಸುರುಳಿಯಾದ್ದರಿಂದ ಎರಡು ತುದಿಗಳು ಒಂದರ ಪಕ್ಕ ಒಂದು ಸರಿದಿರುತ್ತವೆ. ಅವನ್ನು ಮತ್ತೆ ಕಾಯಿಸಿ ಮಟ್ಟ ಮಾಡುವುದು, ಆಮೇಲೆ ಸಣ್ಣ ಜ್ವಾಲೆಯ ಮುಂದೆ ಕೂತು ತುದಿಗಳನ್ನು ಬೆಸೆಯುವುದು ಹೆಚ್ಚಾಗಿ ಮನೆಮನೆಗಳಲ್ಲಿ, ಹೆಂಗಸರು ಮಕ್ಕಳ ಕೈಯಲ್ಲಿ ನಡೆದು ಬಂದ ಕೆಲಸ. ತಾಜ್‌ಮಹಲಿಗೆ ಹೊಗೆಯಿಂದ ಆಗುತ್ತಿದ್ದ ಹಾನಿಯ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಆ ಭಾಗದ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬದಲಾಗಬೇಕಾಯಿತು. ನಮ್ಮ ಕೈಯ ಬಳೆಯಲ್ಲಿ ಉಗುರಿಗೆ ತಾಗುವ ಆ ಸಣ್ಣ ಗಂಟು ಯಾರೋ ಹೆಣ್ಣುಮಗಳು ಜ್ವಾಲೆಯ ಮುಂದೆ ಕೂತು ಮುಚ್ಚಿದ ಬಾಯಿ. ಬಳೆ ಒಡೆಯುವುದೂ ಬಹಳ ಸಲ ಅಲ್ಲಿಂದಲೇ.

ನಮ್ಮಲ್ಲಿಯೂ ಈ ಕಸುಬು ಇತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂದಿನ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ದಾವಣಗೆರೆಯಿಂದ ಅದು ದೂರದ ಊರಲ್ಲ. ನಮ್ಮ ಮುತ್ತಜ್ಜಿಯರ ಕೈಯಲ್ಲಿ ಇದ್ದದ್ದು ನಮ್ಮ ಸೀಮೆಯ ಮಣ್ಣಿನ ಗಾಜೇ ಇರಬಹುದು ಎಂದು ನೆನೆದಾಗ ನನಗೆ ಈ ಬಳೆಗಳ ಮೇಲೆ ಇನ್ನಷ್ಟು ಮೋಹ ಹುಟ್ಟುತ್ತದೆ. ಈಗ ಉಳಿದಿರುವುದು ಬೆಂಗಳೂರಿನ ಬಳೇಪೇಟೆಯಂಥ ಹೆಸರುಗಳು.

ಗಾಜು ಆಯಿತು, ಇನ್ನು ಚಿನ್ನ. ಅಜ್ಜಿಯ ಚಿನ್ನದ ಬಳೆ 2.6 ಅಳತೆಯವು, ಗಾಜಿಗಿಂತ ಒಂದು ಅಳತೆ ದೊಡ್ಡವು. ಹುಡುಗಿ ಎಲ್ಲ ಚಿನ್ನವನ್ನೂ ಮುಂಗೈ ತುದಿಗೆ, ಅಂದರೆ ಅಂಗೈ ಕಡೆಗೆ ಹಾಕಿಕೊಳ್ಳುತ್ತೇನೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದಳು. ಬಳೆಗಾರ ಒಪ್ಪಲಿಲ್ಲ. ಹಿಂದೆ ಒಂದು, ಮುಂದೆ ಒಂದು ಇರಲಿ, ಗಾಜು ನಡುವೆ ಇರಲಿ ಎಂದ. ನಮ್ಮ ಕಡೆ ಇದು ಹಳೆಯ ಕ್ರಮ. ಮೊಣಕೈ ಕಡೆಗೆ ಚಿನ್ನದ ಒಂದು ಬಳೆ, ಅಂಗೈ ಕಡೆಗೆ ಇನ್ನೊಂದು ಬಳೆಯೋ ಕಡಗವೋ, ನಡುವೆ ಗಾಜಿನ ಸಾಲು. ಇದನ್ನು ನಾನು ಅಲಂಕಾರದ ರೂಢಿ ಎಂದೇ ತಿಳಿದಿದ್ದೆ. ಅದರ ಹಿಂದೆ ತೂಕದ ನ್ಯಾಯವೊಂದಿದೆ.

ಕೈ ಇಳಿಬಿಟ್ಟಾಗ ಇಡೀ ಸಾಲು ಜಾರಿ ಹೆಬ್ಬೆರಳಿನ ಬುಡದ ಮೇಲೆ ಕೂರುತ್ತದೆ. ಆಗ ತುದಿಯ ಬಳೆಯ ಮೇಲೆ ಉಳಿದೆಲ್ಲದರ ಭಾರ. ಮೇಜಿಗೆ, ಪಾತ್ರೆಯ ಕಂಠಕ್ಕೆ, ಬಾಗಿಲ ಚೌಕಟ್ಟಿಗೆ ತಗಲುವುದೂ ಅದೇ. ಅಲ್ಲಿ ಗಾಜಿದ್ದರೆ ಉಳಿಯುವುದಿಲ್ಲ. ಕೈ ಮೇಲೆತ್ತಿದಾಗ ಸಾಲು ಮೊಣಕೈ ಕಡೆ ಓಡುತ್ತದೆ, ಮುಂಗೈ ದಪ್ಪವಾಗುವಲ್ಲಿ ಸಿಕ್ಕಿ ನಿಲ್ಲುತ್ತದೆ. ಹಿಂದೆ ಒಂದು ಬಳೆ ಬಿಗಿಯಾಗಿ ತಡೆದರೆ ಓಟ ಕಡಿಮೆ. ಓಟ ಕಡಿಮೆಯಾದರೆ ಹೊಡೆತವೂ ಕಡಿಮೆ. ಎಲ್ಲ ಚಿನ್ನವೂ ಮುಂದೆಯೇ ಇದ್ದರೆ, ಕೈ ಎತ್ತಿದಾಗಲೆಲ್ಲ ಆ ಭಾರ ಹಿಂದಿನ ಗಾಜಿನ ಮೇಲೆ ಹೋಗಿ ಬೀಳುತ್ತದೆ. ‘ಆರು ಬಳೆ ಆರು ದಿನ, ಹನ್ನೆರಡು ಬಳೆ ಆರು ತಿಂಗಳು’ ಎಂದ ಬಳೆಗಾರ. ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇರಲಾರದು, ಆದರೆ ಕಾರಣ ಸರಿ. ಕೈ ತುಂಬಿದ್ದರೆ ಬಳೆಗೆ ಓಡಾಡಲು ಜಾಗವಿಲ್ಲ. ಬಿಡಿಬಿಡಿಯಾಗಿ ಜೋತಾಡುವ ನಾಲ್ಕೇ ಬಳೆ ಬೇಗ ಒಡೆಯುತ್ತವೆ. ‘ಕೈತುಂಬ ಬಳೆ’ ಎನ್ನುವ ಮಾತಿನಲ್ಲಿ ಸಂಪತ್ತಿನ ಜೊತೆಗೆ ಈ ಬಾಳಿಕೆಯೂ ಸೇರಿಕೊಂಡಿದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಚಿನ್ನ ಗಾಜನ್ನು ಸವೆಸುತ್ತದೆ ಎಂದು ನಮ್ಮಮ್ಮ ನಂಬಿದ್ದರು. ಆಗುವುದು ಅದಕ್ಕೆ ವಿರುದ್ಧ. ಗಾಜು ಗಟ್ಟಿ, 22 ಕ್ಯಾರೆಟ್ ಚಿನ್ನ ಮೆತ್ತಗೆ. ಚಿನ್ನ ತನ್ನ ತೂಕದಿಂದ ಗಾಜನ್ನು ಒಡೆಯಬಲ್ಲದು. ಉಜ್ಜಾಟದಲ್ಲಿ ಸವೆಯುವುದು ಮಾತ್ರ ಚಿನ್ನವೇ. ಅಜ್ಜಿಯ ಬಳೆಗಳ ಎರಡೂ ಅಂಚಿನ ಕೆತ್ತನೆ ಮಾಸಿ ನುಣುಪಾಗಿದೆ, ನಡುವಿನ ಹೂ ಮಾತ್ರ ನಿಚ್ಚಳವಾಗಿದೆ. ಐವತ್ತು ವರ್ಷ ಗಾಜಿನ ಬಳೆಗಳ ಪಕ್ಕದಲ್ಲಿದ್ದದ್ದಕ್ಕೆ ಅದೇ ಸಾಕ್ಷಿ. ಆ ಸವೆತವನ್ನು ಅಕ್ಕಸಾಲಿಗರು ಒಡನೆ ಗುರುತಿಸುತ್ತಾರೆ.

ಅರಗಿನ ಬಳೆಯ ಸರದಿ ಬಂದಾಗ ತೊಡಕಾಯಿತು. ನಾದಿನಿಗೆ ಫೋನಿನಲ್ಲಿ 2.4 ಎಂದೇ ಹೇಳಿದ್ದೆವು, ಅವಳು 2.4 ಅನ್ನೇ ಕಳಿಸಿದ್ದಳು. ಬಳೆ ಗೆಣ್ಣಿನ ಮೇಲೆ ನಿಂತುಬಿಟ್ಟಿತು, ಮುಂದಕ್ಕೆ ಹೋಗಲಿಲ್ಲ. ಅಂಗಡಿಯವರು ತಪ್ಪು ಅಳತೆ ಕೊಟ್ಟಿದ್ದಾರೆ ಎಂದು ಅಕ್ಕ ಸಿಟ್ಟಾದಳು. ಅಳೆದು ನೋಡಿದರೆ ಒಳವ್ಯಾಸ ಸರಿಯಾಗಿಯೇ ಇತ್ತು. ಗಾಜಿನ ಬಳೆಯ ಅಗಲ ಮೂರು ಮಿಲಿಮೀಟರ್, ಹಾಗಾಗಿ ಅದನ್ನು ವಾಲಿಸಿ ಒಂದೊಂದೇ ಗೆಣ್ಣು ದಾಟಿಸಬಹುದು. ಅರಗಿನ ಬಳೆ ಒಂದು ಸೆಂಟಿಮೀಟರ್ ಹತ್ತಿರ ಅಗಲ, ಅದು ವಾಲುವುದಿಲ್ಲ. ಎಲ್ಲ ಗೆಣ್ಣುಗಳನ್ನೂ ಒಟ್ಟಿಗೇ ದಾಟಬೇಕು. ಆದ್ದರಿಂದ ಅಗಲದ ಬಳೆ, ಅದು ಅರಗಿನದಾಗಲಿ ಲೋಹದ ಕಡಗವಾಗಲಿ, ಗಾಜಿನ ಅಳತೆಗಿಂತ ಒಂದು ಮೇಲಿನದನ್ನೇ ತರಬೇಕು. ಕೀಲು ತಿರುಪಿನ ಕಡಗಗಳಿಗೆ ಮಾತ್ರ ಈ ತಾಪತ್ರಯ ಇಲ್ಲ.

ಅರಗಿನದಾದ್ದರಿಂದ ಬಚಾವಾದೆವು. ಅರಗು ಕರಗುವ ವಸ್ತು. ಮುತ್ತುಗ, ಎಲಚಿಯಂಥ ಮರಗಳ ಕೊಂಬೆಗಳಲ್ಲಿ ಅರಗಿನ ಹುಳು ಸ್ರವಿಸುವ ಅಂಟು ಅದು. ಪಾಂಡವರಿಗೆ ದುರ್ಯೋಧನ ಕಟ್ಟಿಸಿದ ಅರಗಿನ ಮನೆಯ ಅರಗು, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು, ಎರಡೂ ಇದೇ. ಹೈದರಾಬಾದಿನ ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆ ಮಾಡುವುದನ್ನು ಕಣ್ಣೆದುರೇ ನೋಡಬಹುದು. ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಪುಡಿ ಬೆರೆಸಿ ನಾದಿ, ಕಡ್ಡಿಯಂತೆ ಹೊಸೆದು, ಬಣ್ಣದ ಅರಗನ್ನು ಮೇಲೆ ಸವರಿ, ಬಗ್ಗಿಸಿ ತುದಿ ಕೂಡಿಸಿ, ದುಂಡನೆಯ ಮರದ ಅಚ್ಚಿಗೆ ಏರಿಸಿ ಸರಿಪಡಿಸುತ್ತಾರೆ. ಬಿಸಿ ಆರುವುದರೊಳಗೆ ಕನ್ನಡಿ, ಹರಳುಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಾರೆ. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಲಬುರಗಿ, ಬೀದರ್, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಆ ಕಡೆಯ ಮದುವೆಯ ಕೈಗಳಲ್ಲಿ, ಮುಸ್ಲಿಂ ಮನೆಗಳಲ್ಲಂತೂ ವಿಶೇಷವಾಗಿ, ಎರಡು ಅಂಚಿಗೆ ದಪ್ಪ ಅರಗಿನ ಬಳೆ, ನಡುವೆ ಗಾಜಿನ ಸಾಲು ಇರುವ ಜೋಡು ಕಾಣುತ್ತದೆ. ಅಲ್ಲಿ ಅರಗು ಮಾಡುವ ಕಾವಲಿನ ಕೆಲಸವನ್ನೇ ನಮ್ಮ ಕಡೆ ಚಿನ್ನ ಮಾಡುತ್ತದೆ.

ಪೇಟೆಯಲ್ಲಿ ಅರಗಿನ ಕೆಲಸ ಬಲ್ಲವರೊಬ್ಬರು ಸಿಕ್ಕಿದರು. ಸಣ್ಣ ಉರಿಯ ಮೇಲೆ ಬಳೆಯನ್ನು ತಿರುಗಿಸಿ ತಿರುಗಿಸಿ ಕಾಯಿಸಿ, ಅಚ್ಚಿಗೆ ಹಾಕಿ ಒತ್ತಿ, ಒಂದು ಅಳತೆ ದೊಡ್ಡದು ಮಾಡಿಕೊಟ್ಟರು. ಎರಡು ಕನ್ನಡಿ ಉದುರಿದವು, ಅವನ್ನೂ ಮತ್ತೆ ಕೂರಿಸಿದರು. ಇದೇ ನಿಜವಾದ ಅರಗಿನ ಪರೀಕ್ಷೆ ಕೂಡ. ಅರಗೆಂದು ಮಾರುವ ಪ್ಲಾಸ್ಟಿಕ್ಕನ್ನು ಹೀಗೆ ಹಿಗ್ಗಿಸಲಾಗದು. ಕಾಸಿದ ಸೂಜಿಯನ್ನು ಒಳಬದಿಗೆ ಮುಟ್ಟಿಸಿದರೆ ಅರಗು ಮರದ ಅಂಟಿನ ವಾಸನೆ ಬಿಡುತ್ತದೆ, ಪ್ಲಾಸ್ಟಿಕ್ಕಿನ ಕಮಟು ಬೇರೆ. ಕರಗುವ ಗುಣವೇ ಅದರ ಶತ್ರುವೂ ಹೌದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಬಳೆ ವಕ್ರವಾಗುತ್ತದೆ, ಒಲೆಯ ಮುಂದೆ ನಿಂತು ದೋಸೆ ಹೊಯ್ಯುವ ಕೈಗೆ ಅದು ತಕ್ಕದ್ದಲ್ಲ. ಮದ್ಯಸಾರದಲ್ಲಿ ಅರಗು ಕರಗುವುದರಿಂದ ಅತ್ತರು ಎಂದು ನಾವು ಕರೆಯುವ ಸ್ಪ್ರೇಗಳು, ಕೈಗೆ ಹಾಕುವ ಸ್ಯಾನಿಟೈಸರ್ ತಾಗಿದರೆ ಮೇಲ್ಮೈ ಜಿಗುಟಾಗಿ ಹೊಳಪು ಹೋಗುತ್ತದೆ. ಹೀಗಾಗಿ ಅರಗಿನ ಬಳೆ ಯಾವತ್ತೂ ಹಬ್ಬದ್ದು, ಮದುವೆಯದ್ದು. ದಿನನಿತ್ಯದ ಕೈಯಲ್ಲಿ ಅದು ಉಳಿಯುವುದಿಲ್ಲ.

ಕೊನೆಗೆ ಹುಡುಗಿಯ ಕೈ ಹೀಗೆ ತುಂಬಿತು. ಎರಡೂ ಕೈಗಳಲ್ಲಿ ಮೊಣಕೈ ಕಡೆಗೆ ಒಂದೊಂದು ಚಿನ್ನದ ಬಳೆ, ಅದರ ಮುಂದೆ ಒಂದು ಅರಗಿನದು, ನಡುವೆ ಹಸಿರು ಗಾಜು, ಮತ್ತೆ ಒಂದು ಅರಗಿನದು, ತುದಿಗೆ ಇನ್ನೊಂದು ಚಿನ್ನ. ಗಾಜು ಹನ್ನೆರಡು ಬಳೆಗೆ ಮೂರೂವರೆ ಸೆಂಟಿಮೀಟರಿನಷ್ಟು, ಉಳಿದ ನಾಲ್ಕಕ್ಕೆ ಮೂರು ಸೆಂಟಿಮೀಟರ್. ಒಟ್ಟು ಆರೂವರೆ. ಅವಳ ಮುಂಗೈಯಲ್ಲಿ ಬಳೆ ಸಲೀಸಾಗಿ ಕೂರುವ ಜಾಗ ಎಂಟು ಸೆಂಟಿಮೀಟರ್ ಇತ್ತು, ಓಡಾಟಕ್ಕೆ ಒಂದೂವರೆ ಮಾತ್ರ ಉಳಿಯಿತು. ಅದೂ ತುಂಬಿಹೋಗಿದ್ದರೆ ಮಣಿಕಟ್ಟು ಬಗ್ಗುತ್ತಿರಲಿಲ್ಲ. ಬಲಗೈಗೆ ಮಾತ್ರ ಗಾಜು ಹದಿಮೂರು. ಎರಡು ಡಜನ್ ಎಣಿಸಿದ ಮೇಲೆ ಬಳೆಗಾರ ಕೇಳದೆಯೇ ಒಂದನ್ನು ಮೇಲೆ ಹಾಕಿದ, ‘ಇದು ನನ್ನ ಲೆಕ್ಕದ್ದು ತಾಯಿ’ ಅಂದ. ಹಲವು ಮನೆಗಳಲ್ಲಿ ಈ ಕ್ರಮ ಇದೆ, ಎರಡು ಕೈಯ ಎಣಿಕೆ ಸಮನಾಗಬಾರದು, ಒಂದು ಕೈಯಲ್ಲಿ ಒಂದು ಹೆಚ್ಚಿರಬೇಕು. ಎರಡು ಕೈಗಳು ಕನ್ನಡಿಯಂತೆ ಒಂದೇ ಸಮ ಇರಬೇಕೆನ್ನುವುದು ಈಚಿನ ಫೋಟೋಗಳ ರುಚಿ. 1926ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕ ಕಂಚಿನ ‘ನರ್ತಕಿ’ಯ ಪುಟ್ಟ ಮೂರ್ತಿಯನ್ನೇ ನೋಡಿ, ಎತ್ತರ ಹತ್ತೂವರೆ ಸೆಂಟಿಮೀಟರ್. ಅವಳ ಎಡಗೈಯಲ್ಲಿ ತೋಳಿನವರೆಗೂ ಎರಡು ಡಜನ್ ಬಳೆ, ಬಲಗೈಯಲ್ಲಿ ನಾಲ್ಕೇ. ಬಲಗೈ ಕೆಲಸದ ಕೈಯಾಗಿತ್ತೇನೋ ಎಂದು ನನಗೆ ಅದನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಈಗ ಅರ್ಥದ ಮಾತು. ಈ ಮೂರು ವಸ್ತುಗಳಲ್ಲಿ ನಮ್ಮ ಸಮಾಜ ಹೆಚ್ಚಿನ ಮಾತನ್ನು ಹೊರಿಸಿದ್ದು ಅತ್ಯಂತ ಅಗ್ಗದ ಗಾಜಿನ ಮೇಲೆ. ಚಿನ್ನ ಎಷ್ಟೇ ಇರಲಿ, ‘ಬರೀ ಚಿನ್ನ ಹಾಕಬಾರದು, ಜೊತೆಗೆ ಎರಡಾದರೂ ಗಾಜಿನ ಬಳೆ ಇರಬೇಕು’ ಎನ್ನುತ್ತಾರೆ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಹೋಗುವುದು ಗಾಜಿನ ಬಳೆ ಮತ್ತು ಬಿಚ್ಚೋಲೆ. ಸೀಮಂತದಲ್ಲಿ, ಉತ್ತರ ಕರ್ನಾಟಕದ ಕುಬಸದಲ್ಲಿ, ಬಸುರಿಗೆ ಹಸಿರು ಸೀರೆಯ ಜೊತೆ ತೊಡಿಸುವುದು ಹಸಿರು ಗಾಜು. ಕೂಸಿಗೆ ದೃಷ್ಟಿಯಾಗದಿರಲೆಂದು ಕರಿಬಳೆ. ಬಳೆ ಒಡೆದರೆ ‘ಒಡೆಯಿತು’ ಎನ್ನದೆ ‘ಹೆಚ್ಚಿತು’ ಎನ್ನುವ ಹಿರಿಯರು ಇದ್ದಾರೆ. ಒಡೆಯುವ ವಸ್ತುವಾದ್ದರಿಂದಲೇ ಅದನ್ನು ಮತ್ತೆ ಮತ್ತೆ ಹೊಸದಾಗಿ ತೊಡಿಸಬೇಕಾಗುತ್ತದೆ. ತವರಿನವರು ತೊಡಿಸಬೇಕು, ಜಾತ್ರೆಯಲ್ಲಿ ಅತ್ತೆ ತೊಡಿಸಬೇಕು, ಹಬ್ಬಕ್ಕೆ ಅಣ್ಣ ದುಡ್ಡು ಕೊಡಬೇಕು. ಗಾಜಿನ ಸಾಲು ಹೇಳುವುದು ಈಕೆಗೆ ಈ ವರ್ಷವೂ ಯಾರೋ ತೊಡಿಸಿದ್ದಾರೆ ಎಂಬುದನ್ನು. ಬಳೆಗಾರ ತವರಿಗೂ ಅತ್ತೆಮನೆಗೂ ನಡುವೆ ಸುದ್ದಿ ಒಯ್ಯುವವನಾಗಿ ನಮ್ಮ ಜನಪದರಿಗೆ ಪ್ರಿಯನಾದದ್ದು ಇದೇ ಕಾರಣಕ್ಕೆ.

ಅದೇ ಗಾಜಿಗೆ ಕ್ರೌರ್ಯವನ್ನೂ ಹೊರಿಸಿದೆವು. ಗಂಡ ಸತ್ತಾಗ ಕಿತ್ತದ್ದು ಗಾಜಿನ ಬಳೆಯನ್ನು. ಎಷ್ಟೋ ಮನೆಗಳಲ್ಲಿ ಚಿನ್ನದ ಬಳೆಗೆ ಅಡ್ಡಿಯಿರಲಿಲ್ಲ. ನಮ್ಮ ಅಜ್ಜಿಯೇ ಕಡೆಯ ಇಪ್ಪತ್ತು ವರ್ಷ ಆ ಎರಡು ಜೊತೆ ಚಿನ್ನವನ್ನಷ್ಟೇ ಹಾಕಿಕೊಂಡಿದ್ದರು, ಸದ್ದಿಲ್ಲದ ಕೈ. ಬೆಲೆಬಾಳುವುದನ್ನು ಬಿಟ್ಟು ಅಗ್ಗದ್ದನ್ನು ಕಸಿದುಕೊಂಡದ್ದರಿಂದ ಗೊತ್ತಾಗುತ್ತದೆ, ಕಸಿದದ್ದು ಒಡವೆಯನ್ನಲ್ಲ, ತೊಡಿಸಿಕೊಳ್ಳುವ ಹಕ್ಕನ್ನು. ನಮ್ಮ ಗಡಿಗೆ ಅಂಟಿದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ವಿಧವೆಯ ಬಳೆ ಒಡೆಯುವ, ಕುಂಕುಮ ಅಳಿಸುವ ಆಚರಣೆಗಳನ್ನು ನಿಲ್ಲಿಸಬೇಕೆಂದು ಠರಾವು ಮಾಡಿತು. ಆ ಠರಾವನ್ನು ನಾನು ಮನಸಾರೆ ಒಪ್ಪುತ್ತೇನೆ. ಬಳೆಯ ಸೊಗಸನ್ನು ಹೊಗಳುವ ಯಾವ ಬರಹವೂ ಈ ಭಾಗವನ್ನು ಬಿಟ್ಟು ಮುಂದೆ ಹೋಗಬಾರದು.

ಎಲ್ಲ ಕಡೆಯೂ ಗಾಜೇ ಮಾತಾಡುತ್ತದೆ ಎಂದಲ್ಲ. ಬಂಗಾಳದಲ್ಲಿ ಮುತ್ತೈದೆಯ ಗುರುತು ಬಿಳಿಯ ಶಂಖದ ಬಳೆ, ಕೆಂಪು ಪೋಲಾ ಮತ್ತು ಕಬ್ಬಿಣದ ಬಳೆ. ಪಂಜಾಬಿನ ಮದುಮಗಳಿಗೆ ಕೆಂಪು ಬಿಳಿಯ ಚೂಡಾ, ಹಿಂದೆ ದಂತದ್ದು, ಈಗ ಪ್ಲಾಸ್ಟಿಕ್ಕಿನದು. ನಮ್ಮ ಲಂಬಾಣಿ ತಾಂಡಾಗಳಲ್ಲಿ ಹಿರಿಯ ಹೆಂಗಸರ ತೋಳಿನ ಮೇಲಿನ ಬಿಳಿ ಬಳೆಗಳಿಗೂ ಇಂಥದೇ ಭಾಷೆಯಿದೆ. ವಸ್ತು ಬೇರೆಯಾದರೂ ಒಂದು ಸಂಗತಿ ಎಲ್ಲ ಕಡೆ ಒಂದೇ: ಮದುವೆಯನ್ನು ಹೇಳುವ ಬಳೆಯನ್ನು ಸಂಜೆ ತೆಗೆದು ಪೆಟ್ಟಿಗೆಗೆ ಹಾಕುವುದಿಲ್ಲ.

ಈಗಿನ ‘ಸೆಟ್’ ಬಳೆಗಳು ಬದಲಿಸಿರುವುದು ಇದನ್ನೇ. ಸೀರೆಯ ಬಣ್ಣಕ್ಕೆ ಹೊಂದುವ, ಮಿಂಚು ಹಚ್ಚಿದ ತೆಳು ಲೋಹದ ಬಳೆಗಳು, ನಡುನಡುವೆ ಕಲ್ಲಿನ ಕಡಗ, ಎಲ್ಲ ಮೊದಲೇ ಪೋಣಿಸಿ ಇಟ್ಟಿರುತ್ತಾರೆ. ಅವನ್ನು ಒಂದೇ ಸಲಕ್ಕೆ ಏರಿಸಿ ಒಂದೇ ಸಲಕ್ಕೆ ಇಳಿಸಬೇಕು, ಅದಕ್ಕಾಗಿ ಒಂದು ಅಳತೆ ಸಡಿಲ ತೆಗೆದುಕೊಳ್ಳುತ್ತಾರೆ. ನೋಡಲು ಅವು ಚೆಂದ, ಅದರಲ್ಲಿ ಸಂಶಯವಿಲ್ಲ. ಆದರೆ ಅಗ್ಗದ ಲೋಹದಲ್ಲಿ ನಿಕ್ಕಲ್ ಇದ್ದರೆ ಬೆವರು ತಾಗಿ ಮಣಿಕಟ್ಟಿನ ಸುತ್ತ ತುರಿಕೆ ಏಳುತ್ತದೆ. ಬಳೆ ಕೂರುವ ಜಾಗದಲ್ಲೇ ಉಂಗುರದಂತೆ ಕೆಂಪಾದರೆ ಕಾರಣ ಅದೇ ಎಂದು ತಿಳಿಯಬೇಕು. ಇನ್ನು ಒಂದು ಸೆಟ್ಟಿನ ನಡುವೆ ಎರಡು ಮೂರು ಗಾಜಿನ ಬಳೆ ಸೇರಿಸುವ ಆಸೆ ಇದ್ದರೆ, ಅವು ಸೆಟ್ಟಿನ ಅಳತೆಯವೇ ಆಗಿರಬೇಕು. ಗಾಜು ಬಿಗಿ, ಲೋಹ ಸಡಿಲ ಆದಾಗ ಲೋಹದ ಒಳ ಅಂಚು ಗಾಜಿನ ಹೆಗಲ ಮೇಲೆ ಓರೆಯಾಗಿ ಕೂತು ಮೊದಲ ಪೆಟ್ಟಿಗೇ ಚಕ್ಕೆ ಎಬ್ಬಿಸುತ್ತದೆ. ಇಂಥ ಕೈಯನ್ನು ನೋಡಿದಾಗ ನನಗೆ ತಿಳಿಯುವುದು ಆಕೆಯ ಸೀರೆಯ ಬಗ್ಗೆ, ಆ ದಿನದ ಬಗ್ಗೆ. ಆಕೆಯ ಮನೆಯ ಬಗ್ಗೆ, ವರ್ಷದ ಬಗ್ಗೆ ಏನೂ ತಿಳಿಯುವುದಿಲ್ಲ. ಅದು ತಪ್ಪೇನಲ್ಲ, ಬೇರೆ ಮಾತು. ತನ್ನ ಕೈ ಏನು ಹೇಳಬೇಕೆಂದು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಅಜ್ಜಿಗೆ ಇರಲಿಲ್ಲ ಎನ್ನುವುದನ್ನೂ ನಾನು ಮರೆಯುವುದಿಲ್ಲ.

ಮದುವೆಯಾಗಿ ಹದಿನೈದು ದಿನಕ್ಕೆ ನಮ್ಮ ಹುಡುಗಿ ಬೆಂಗಳೂರಿನ ಕೆಲಸಕ್ಕೆ ಮರಳಿದಳು. ಹೊರಡುವ ಹಿಂದಿನ ದಿನ ಕೈ ಬಿಚ್ಚುವ ಕೆಲಸ ನಡೆಯಿತು. ಅರಗಿನ ನಾಲ್ಕೂ ಬಳೆಗಳನ್ನು ಹತ್ತಿ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ ತಂಪಿನ ಜಾಗದಲ್ಲಿಟ್ಟೆವು. ಚಿನ್ನ ಬ್ಯಾಂಕಿನ ಲಾಕರಿಗೆ ಹೋಯಿತು. ಗಾಜಿನ ಸಾಲನ್ನು ಅವಳು ಮುಟ್ಟಗೊಡಲಿಲ್ಲ. ಕೀಬೋರ್ಡಿನ ಅಂಚಿಗೆ ತಗಲಿ ಒಡೆಯುತ್ತವೆ ಎಂದು ಅಕ್ಕ ಹೇಳಿದ ಮೇಲೆ, ಸೋಪಿನ ನೊರೆ ಹಚ್ಚಿಸಿಕೊಂಡು ಒಂದೊಂದಾಗಿ ಇಳಿಸಿ, ಎಡಗೈಯಲ್ಲಿ ನಾಲ್ಕು, ಬಲಗೈಯಲ್ಲಿ ಐದು ಉಳಿಸಿಕೊಂಡಳು. ಹಾಗೆ ಇಳಿಸಿದ ಹದಿನಾರು ಬಳೆಗಳನ್ನು ಅಕ್ಕ ದೇವರ ಮನೆಯ ಗೂಟಕ್ಕೆ ಅರಿಶಿನದ ದಾರದಲ್ಲಿ ಪೋಣಿಸಿ ತೂಗುಹಾಕಿದ್ದಾಳೆ. ಮೊನ್ನೆ ಶುಕ್ರವಾರ ಹುಡುಗಿಯಿಂದ ಅಕ್ಕನಿಗೆ ಮೆಸೇಜು ಬಂತು: ‘ಬಲಗೈದು ಎರಡು ಹೆಚ್ಚಿದವು ಅಮ್ಮ, ನೀನು ಬರುವಾಗ ಗೂಟದಿಂದ ತಗೊಂಡು ಬಾ, ನೀನೇ ತೊಡಿಸು.’ ಅಕ್ಕ ಗೂಟದಿಂದ ಎರಡು ತೆಗೆದಳು, ಉಗುರಿನಿಂದ ತಟ್ಟಿ ಸದ್ದು ನೋಡಿದಳು, ಆಮೇಲೆ ಇನ್ನೊಂದನ್ನು ಸೇರಿಸಿ ಚೀಲಕ್ಕೆ ಹಾಕಿಕೊಂಡಳು.